ಉಳಿದ ಮೂರು ಊರು ಎಲ್ಲಿ ಹೋದವು?

ಪ್ರಶ್ನೆ: ಬೈನರಿ ಸರ್ಚ್ ಟ್ರೀಗೆ ನಾಲ್ಕು ಊರುಗಳ ಪಿನ್‌ಕೋಡ್ ಸೇರಿಸಿದೆ. ಇನ್‌ಆರ್ಡರ್‌ನಲ್ಲಿ ಮುದ್ರಿಸಿದರೆ ಉಡುಪಿ ಮಾತ್ರ ಬರುತ್ತದೆ. ಏಕೆ?

ಉತ್ತರ: ನಿಮ್ಮ ರಿಕರ್ಷನ್ ಸರಿಯಾದ ಜಾಗಕ್ಕೇ ಹೋಗಿ ಹೊಸ ನೋಡ್ ಮಾಡಿರಬೇಕು, ಆದರೆ ಅದನ್ನು ಮೇಲಿನ ನೋಡ್‌ಗೆ ಜೋಡಿಸಿಲ್ಲ. ಎಡಕ್ಕೆ ಬೇಕಾದ ಸಾಲು ಇದು:

```
n.left = insert(n.left, k)
```

`n.left =` ಬಿಟ್ಟುಹೋದರೆ ಹೊಸ ನೋಡ್ ಕಳೆದಂತೆಯೇ. ಬಲಕ್ಕೂ ಹೀಗೆಯೇ ಬರೆಯಿರಿ.

ಈಗ ಉಡುಪಿಯ 576101 ಬೇರು. ಮಣಿಪಾಲದ 576104 ದೊಡ್ಡದು, ಬಲಕ್ಕೆ ಹೋಗುತ್ತದೆ. ಕಾಪುವಿನ 574106 ಎಡಕ್ಕೆ. ಕಾರ್ಕಳದ 574104 ಅದಕ್ಕಿಂತಲೂ ಚಿಕ್ಕದು, ಹಾಗಾಗಿ ಕಾಪುವಿನ ಎಡಕ್ಕೆ. ಇನ್‌ಆರ್ಡರ್ ಪ್ರತಿ ನೋಡ್‌ನಲ್ಲೂ ಎಡಭಾಗ ಮುಗಿಸಿ, ತನ್ನನ್ನು ಮುದ್ರಿಸಿ, ಆಮೇಲೆ ಬಲಕ್ಕೆ ಹೋಗುತ್ತದೆ: ಕಾರ್ಕಳ, ಕಾಪು, ಉಡುಪಿ, ಮಣಿಪಾಲ. 574105 ಹುಡುಕಿ ನೋಡಿ. ಕಾರ್ಕಳದ ಬಲಗಡೆ ಖಾಲಿ ಸಿಕ್ಕಿತೆಂದರೆ ಆ ಸಂಖ್ಯೆ ಮರದಲ್ಲಿಲ್ಲ.