ನಲವತ್ತು ಸೆಕೆಂಡಿನ ಮಾತು

ಬಾನುಲಿಯಲ್ಲಿ ಕಾರ್ಯಕ್ರಮಗಳ ನಡುವೆ ಬರುವ ಪ್ರಕಟಣೆಗೆ ಹಲವು ವೇಳೆ ನಲವತ್ತು ಸೆಕೆಂಡಿಗಿಂತ ಹೆಚ್ಚು ಕಾಲ ದೊರೆಯುವುದಿಲ್ಲ. ಇಷ್ಟರಲ್ಲಿ ಎಷ್ಟು ಮಾತು ಹಿಡಿಸುವುದೆಂಬುದೇ ನಮ್ಮ ಇಂದಿನ ವಿಷಯ.

ಇಂಗ್ಲಿಷಿನಲ್ಲಿ ನಿಮಿಷಕ್ಕೆ ಸುಮಾರು 150 ಪದಗಳೆಂಬ ವಾಡಿಕೆಯ ಲೆಕ್ಕವೊಂದುಂಟು. ಅದರಂತೆ ನಲವತ್ತು ಸೆಕೆಂಡಿಗೆ ನೂರು ಪದಗಳಾದವು. ಈ ಲೆಕ್ಕವನ್ನು ಕನ್ನಡಕ್ಕೆ ಹಚ್ಚಿದರೆ ವಾಚಕನು ಏದುಸಿರು ಬಿಡಬೇಕಾಗುವುದು. ಏಕೆಂದರೆ ಇಂಗ್ಲಿಷಿನಲ್ಲಿ ಬೇರೆ ಬೇರೆಯಾಗಿ ನಿಲ್ಲುವ ಸಣ್ಣ ಪದಗಳು ನಮ್ಮಲ್ಲಿ ವಿಭಕ್ತಿಪ್ರತ್ಯಯಗಳಾಗಿ ನಾಮಪದಕ್ಕೆ ಅಂಟಿಕೊಳ್ಳುತ್ತವೆ. ‘ಕಮಲಾಪುರದಲ್ಲಿ’ ಎಂಬುದು ಎಣಿಕೆಗೆ ಒಂದೇ ಪದ. ನಾಲಗೆಗೆ ಏಳು ಅಕ್ಷರ. ಆದುದರಿಂದ ಕನ್ನಡದಲ್ಲಿ ಎಣಿಸತಕ್ಕದ್ದು ಪದಗಳನ್ನಲ್ಲ, ಅಕ್ಷರಗಳನ್ನು. ಒತ್ತಕ್ಷರವನ್ನು ಒಂದೆಂದೇ ಎಣಿಸಬೇಕು. ಸೊನ್ನೆಯನ್ನು ಪ್ರತ್ಯೇಕವಾಗಿ ಎಣಿಸಬೇಕಾಗಿಲ್ಲ.

ಸ್ಪಷ್ಟವಾಗಿ ಓದುವಾಗ ಸೆಕೆಂಡಿಗೆ ಐದು ಅಕ್ಷರಗಳೆಂದು ಇಟ್ಟುಕೊಳ್ಳೋಣ. ತನ್ನ ವೇಗವನ್ನು ತಾನೇ ಅರಿಯಬೇಕೆಂಬವನು 300 ಅಕ್ಷರಗಳ ಗದ್ಯವೊಂದನ್ನು ಎದುರಿಗಿರುವವರಿಗೆ ಹೇಳುವಂತೆ ಗಟ್ಟಿಯಾಗಿ ಓದಿ ಗಡಿಯಾರ ನೋಡಲಿ. ಒಂದು ನಿಮಿಷ ಹಿಡಿದರೆ ಅವನದೂ ಇದೇ ವೇಗ. ಮನಸ್ಸಿನಲ್ಲಿ ಓದಿಕೊಂಡು ಕಾಲವನ್ನಳೆದರೆ ಪ್ರಯೋಜನವಿಲ್ಲ. ಕಣ್ಣು ನಾಲಗೆಗಿಂತ ಬೇಗ ಓಡುತ್ತದೆ. ಇನ್ನು ನಲವತ್ತು ಸೆಕೆಂಡಿನೊಳಗೆ ಮುಗಿಯಬೇಕಾದರೆ ಮೂವತ್ತೆಂಟಕ್ಕೆ ಗುರಿಯಿಡುವುದು ಲೇಸು. ಎಂಟು ವಾಕ್ಯಗಳ ಕೊನೆಯಲ್ಲಿ ಅರ್ಧರ್ಧ ಸೆಕೆಂಡಿನಂತೆ ನಾಲ್ಕು ಸೆಕೆಂಡು, ಆರಂಭದ ಉಸಿರಿಗೆ ಒಂದು ಸೆಕೆಂಡು ಕಳೆದರೆ ಉಳಿಯುವುದು ಮೂವತ್ತಮೂರು. ಅಂದರೆ 165 ಅಕ್ಷರಗಳು, ಸುಮಾರು ನಲವತ್ತು ಪದಗಳು. ನೂರಕ್ಕೂ ನಲವತ್ತಕ್ಕೂ ಇರುವ ಅಂತರವನ್ನು ಗಮನಿಸಬೇಕು.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಕಲಬುರಗಿಯ ಶ್ರೋತೃಗಳಿಗೆ ಹೀಗೊಂದು ಪ್ರಕಟಣೆ ಬರೆದಿದೆ: ‘ಕಲಬುರಗಿ ಜಿಲ್ಲೆಯ ಕಮಲಾಪುರದಲ್ಲಿ ಬೆಳೆಯಲ್ಪಡುವ ಮತ್ತು ಭೌಗೋಳಿಕ ಸೂಚಕದ ಮಾನ್ಯತೆಯನ್ನು ಪಡೆದಿರುವ ಕೆಂಪು ಬಾಳೆಹಣ್ಣಿನ ಮಾರಾಟವು ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಕಲಬುರಗಿಯಲ್ಲಿ ಆರಂಭವಾಗುವುದು.’ ಪದಗಳು ಹದಿನೆಂಟೇ, ಅಕ್ಷರಗಳು 76. ಹದಿನೈದು ಸೆಕೆಂಡು ಹಿಡಿಯುವ ಈ ವಾಕ್ಯದಲ್ಲಿ ಉಸಿರಾಡಲು ಒಂದು ನಿಲುಗಡೆಯೂ ಇಲ್ಲ. ಕಾಗದದ ಮೇಲೆ ಇದರಲ್ಲಿ ದೋಷವೇನೂ ಕಾಣದು.

ಇದನ್ನೇ ಬಿಡಿಸಿ ಬರೆದರೆ ಹೀಗಾಗುವುದು: ‘ಕಮಲಾಪುರದ ಕೆಂಪು ಬಾಳೆಹಣ್ಣು ನಾಳೆ ಕಲಬುರಗಿಗೆ ಬರುತ್ತದೆ. ಮಾರಾಟ ಬೆಳಿಗ್ಗೆ ಹತ್ತು ಗಂಟೆಗೆ. ಈ ಹಣ್ಣಿಗೆ ಭೌಗೋಳಿಕ ಸೂಚಕದ ಮಾನ್ಯತೆಯಿದೆ.’ ಈಗ ಅಕ್ಷರಗಳು 52. ಉಸಿರಿಗೆ ಮೂರು ತಾಣಗಳು. ವಿಷಯದಲ್ಲಿ ಕಳೆದುಹೋದದ್ದು ಜಿಲ್ಲೆಯ ಹೆಸರೊಂದೇ. ಅದು ಅಲ್ಲಿನ ಶ್ರೋತೃಗಳಿಗೆ ತಿಳಿದದ್ದೇ. ಉಳಿದ ಕಾಲದಲ್ಲಿ ಸ್ಥಳವನ್ನು ಹೇಳಿ, ಸಮಯವನ್ನು ಮತ್ತೊಮ್ಮೆ ನೆನಪಿಸಬಹುದು. ಓದುವವನು ಹಿಂದಿನ ಸಾಲಿಗೆ ಮರಳಿ ಹೋಗಬಲ್ಲನು. ಕೇಳುವವನಿಗೆ ಆ ಸೌಕರ್ಯವಿಲ್ಲ.

ಹೆಚ್ಚು ಮೋಸಮಾಡುವುದು ಅಂಕೆಗಳು. 12,750 ಎಂಬುದು ಕಾಗದದಲ್ಲಿ ಒಂದು ಪದದಷ್ಟು ಜಾಗ ಹಿಡಿಯುತ್ತದೆ. ‘ಹನ್ನೆರಡು ಸಾವಿರದ ಏಳು ನೂರ ಐವತ್ತು’ ಎಂದು ಓದಿದರೆ ಹದಿನೈದು ಅಕ್ಷರ, ಮೂರು ಸೆಕೆಂಡು. ಹತ್ತು ಅಂಕೆಗಳ ದೂರವಾಣಿ ಸಂಖ್ಯೆಯನ್ನು ಬರೆದುಕೊಳ್ಳುವಂತೆ ನಿಧಾನವಾಗಿ ಎರಡು ಸಲ ಹೇಳಿದರೆ ಹನ್ನೆರಡು ಸೆಕೆಂಡಾದರೂ ಬೇಕು. ಆದುದರಿಂದ ಹಸ್ತಪ್ರತಿಯಲ್ಲಿ ಅಂಕೆಗಳನ್ನು ಅಕ್ಷರಗಳಲ್ಲಿಯೇ ಬರೆದು ಎಣಿಸತಕ್ಕದ್ದು.

ಮಾತು ಹೆಚ್ಚಾಗಿದ್ದರೂ ವಾಚಕನು ವೇಗದಿಂದ ಸರಿದೂಗಿಸಲಿ ಎನ್ನುವವರುಂಟು. ಅದು ಕನ್ನಡಕ್ಕೆ ವಿಶೇಷವಾಗಿ ಅಪಾಯಕರ. ನಮ್ಮ ಭಾಷೆಯಲ್ಲಿ ಅರ್ಥದ ಕೀಲು ಪದದ ತುದಿಯಲ್ಲಿರುವುದು. ಕ್ರಿಯಾಪದ ಬರುವುದು ವಾಕ್ಯದ ತುದಿಯಲ್ಲಿ. ‘ಕಲಬುರಗಿಗೆ’, ‘ಕಲಬುರಗಿಯಿಂದ’ ಎಂಬ ಭೇದವೂ, ‘ಮಾರಾಟವಿದೆ’, ‘ಮಾರಾಟವಿಲ್ಲ’ ಎಂಬ ಭೇದವೂ ಕೊನೆಯ ಅಕ್ಷರಗಳಲ್ಲಿಯೇ ಅಡಗಿವೆ. ಅವಸರದ ವಾಚಕನ ಉಸಿರು ಸೋಲುವುದೂ ಅಲ್ಲಿಯೇ. ‘ಇಲ್ಲ’ ಎಂಬುದನ್ನು ನುಂಗಿದರೆ ಜನರು ಸುಮ್ಮನೆ ಪೇಟೆಗೆ ಬಂದು ಹಿಂತಿರುಗಬೇಕಾದೀತು.

ಹಸ್ತಪ್ರತಿ ಉದ್ದವಾಯಿತೆಂದು ತಿಳಿಯುವ ಬಗೆ ಸುಲಭ. ಅಕ್ಷರಗಳ ಎಣಿಕೆಯಲ್ಲಿ ಅರ್ಧಕ್ಕೆ ಗುರುತುಹಾಕಿ ಗಟ್ಟಿಯಾಗಿ ಓದಬೇಕು. ಮೊದಲರ್ಧಕ್ಕೆ ಇಪ್ಪತ್ತೆರಡು ಸೆಕೆಂಡು, ಎರಡನೆಯದಕ್ಕೆ ಹದಿನೇಳು ಆಗಿದ್ದರೆ ಒಟ್ಟು ಕಾಲ ಸರಿಯಿದ್ದರೂ ವಾಚಕನು ಓಡಿದನೆಂದೇ ಅರ್ಥ.

ಈ ಎಣಿಕೆಗೂ ಒಂದು ಮಿತಿಯುಂಟು. ಕಲಬುರಗಿ, ಕಮಲಾಪುರ ಎರಡೂ ಐದಕ್ಷರದ ಹೆಸರುಗಳು. ಆದರೆ ಮೊದಲನೆಯದರಲ್ಲಿ ಐದು ಮಾತ್ರೆ, ‘ಲಾ’ ಗುರುವಾದುದರಿಂದ ಎರಡನೆಯದರಲ್ಲಿ ಆರು. ದೀರ್ಘಗಳೂ ಒತ್ತಕ್ಷರಗಳೂ ದಟ್ಟವಾಗಿರುವ ಬರಹವು ಎಣಿಕೆಗಿಂತ ಹೆಚ್ಚು ಕಾಲ ಹಿಡಿಯುವುದು. ಅಂಥದರಲ್ಲಿ 165ರ ಬದಲು 150ಕ್ಕೆ ನಿಲ್ಲಿಸುವುದು ಕ್ಷೇಮ. ಕಡೆಯ ತೀರ್ಪು ಗಡಿಯಾರ ಹಿಡಿದು ಗಟ್ಟಿಯಾಗಿ ಓದಿದ ಓದಿನದೇ.