ಧರ್ಮನಿಂದೆ ಮತ್ತು ಕಾನೂನು: 295ಎ ಹುಟ್ಟಿದ ಬಗೆ

ಭಾರತದ ಧರ್ಮನಿಂದೆ ಕಾನೂನಿನ ಮೂಲ ಲಾಹೋರಿನ ಒಂದು ಪುಸ್ತಕದಲ್ಲಿದೆ. ಪ್ರವಾದಿಯವರನ್ನು ಗೇಲಿ ಮಾಡಿದ ‘ರಂಗೀಲಾ ರಸೂಲ್’ ಕೃತಿಯ ಪ್ರಕಾಶಕ ರಾಜಪಾಲರನ್ನು 1927ರಲ್ಲಿ ಲಾಹೋರ್ ಹೈಕೋರ್ಟ್ ಬಿಡುಗಡೆ ಮಾಡಿತು. ಆಗಿನ 153ಎ ಕಲಂ ಸಮುದಾಯಗಳ ನಡುವೆ ದ್ವೇಷ ಹರಡುವುದನ್ನು ಶಿಕ್ಷಿಸುತ್ತಿತ್ತು. ಗತಿಸಿದ ಧರ್ಮಗುರುವಿನ ಟೀಕೆ ಅದರೊಳಗೆ ಬರದು ಎಂದಿತು ಪೀಠ. ಆ ಕೊರತೆ ತುಂಬಲು ಅದೇ ವರ್ಷ 295ಎ ಬಂತು. 1929ರಲ್ಲಿ ರಾಜಪಾಲರ ಕೊಲೆಯಾಯಿತು.

ಕಾನೂನಿನ ಪರ ಇರುವವರಿಗೆ ಈ ಕೊಲೆಯೇ ಆಧಾರ: ನೊಂದವರಿಗೆ ನ್ಯಾಯಾಲಯದ ಬಾಗಿಲು ತೆರೆದಿರದಿದ್ದರೆ ಸೇಡು ಬೀದಿಗಿಳಿಯುತ್ತದೆ. ವಿರೋಧಿಗಳು ಅದೇ ಘಟನೆಯನ್ನು ತಿರುಗಿಸಿ ಕೇಳುತ್ತಾರೆ: ಕಾನೂನು ಬಂದ ಮೇಲೂ ಕೊಲೆ ನಿಂತಿತೇ? ಈ ಪ್ರಶ್ನೆಯನ್ನು ತಳ್ಳಿಹಾಕುವುದು ಸುಲಭವಲ್ಲ.

1957ರಲ್ಲಿ ರಾಮ್‌ಜಿ ಲಾಲ್ ಮೋದಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕಲಮನ್ನು ಎತ್ತಿಹಿಡಿಯಿತು. ಬುದ್ಧಿಪೂರ್ವಕವಾದ, ದುರುದ್ದೇಶದ ಅವಹೇಳನ ಮಾತ್ರ ಅಪರಾಧ, ಅರಿಯದೆ ಆಡಿದ ಮಾತಲ್ಲ ಎಂಬುದು ಅದರ ವಿವರಣೆ. ಪಾಕಿಸ್ತಾನ 1986ರಲ್ಲಿ ಸೇರಿಸಿದ 295ಸಿ ಕಲಮಿನಲ್ಲಿ ಉದ್ದೇಶದ ಈ ಷರತ್ತಿಲ್ಲ; ಶಿಕ್ಷೆ ಮರಣದವರೆಗೂ ಹೋಗುತ್ತದೆ.

ಆದರೆ ತೊಡಕಿರುವುದು ಠಾಣೆಯಲ್ಲಿ. ಈಗ ನ್ಯಾಯಸಂಹಿತೆಯ 299ನೇ ಕಲಮಾಗಿರುವ ಇದರಡಿ ವಾರಂಟ್ ಇಲ್ಲದೆ ಬಂಧಿಸಬಹುದು. ದುರುದ್ದೇಶವಿತ್ತೇ ಎಂಬುದು ತೀರ್ಮಾನವಾಗುವುದು ವಿಚಾರಣೆಯಲ್ಲಿ. ಆರೋಪಿ ಅಷ್ಟರಲ್ಲಿ ಜೈಲು ಕಂಡಿರುತ್ತಾನೆ.