ಬಿಲ್ ಇದೆ, ಮಾಲು ಬಂದಿದೆಯೇ?

ಖರೀದಿಯ ಇನ್‌ವಾಯ್ಸ್ ಎಂದರೆ ಮಾರಿದವನು ಬರೆದುಕೊಟ್ಟ ಕಾಗದ. ಇಂಥ ಮಾಲು ಕಳಿಸಿದ್ದೇನೆ, ಇಷ್ಟು ಹಣ ಬರಬೇಕು ಎಂಬ ಅವನ ಹೇಳಿಕೆ ಅದರಲ್ಲಿರುತ್ತದೆ. ಮಾಲು ನಿಜಕ್ಕೂ ಬಂತೇ, ಕೊಂಡವರಿಗೆ ಅದು ಬೇಕಾಗಿತ್ತೇ, ಆ ದರಕ್ಕೇ ಮಾತಾಗಿತ್ತೇ ಎಂಬ ಪ್ರಶ್ನೆಗಳಿಗೆ ಉತ್ತರ ಬೇರೆಡೆ ಹುಡುಕಬೇಕು. ಲೆಕ್ಕದ ಪುಸ್ತಕದ ಒಂದು ನಮೂದನ್ನು ಹಿಡಿದು, ಬೇರೆ ಬೇರೆ ಕೈಗಳಲ್ಲಿ ಹುಟ್ಟಿದ ದಾಖಲೆಗಳು ಅದನ್ನು ಒಪ್ಪುತ್ತವೆಯೇ ಎಂದು ಆಡಿಟರ್ ನೋಡುವ ಕೆಲಸಕ್ಕೆ ವೌಚಿಂಗ್ ಎನ್ನುತ್ತಾರೆ.

ವರ್ಷಕ್ಕೆ ಸಾವಿರಾರು ಬಿಲ್ ಬರುವ ಕಾರ್ಖಾನೆಯಲ್ಲಿ ಎಲ್ಲವನ್ನೂ ನೋಡಲಾಗದು. ದೊಡ್ಡ ಮೊತ್ತದವನ್ನು ಪೂರ್ತಿ ತೆಗೆದುಕೊಂಡು, ಉಳಿದವುಗಳಲ್ಲಿ ಕೆಲವನ್ನು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಆರಿಸುವುದು ರೂಢಿ. ಭಾರತದ ಆಡಿಟರ್‌ಗಳಿಗೆ ಇದರ ನಿಯಮಗಳು ಎಸ್‌ಎ 530 ಎಂಬ ಮಾನದಂಡದಲ್ಲಿವೆ. ಆಯ್ಕೆ ನಡೆಯಬೇಕಾದದ್ದು ಖರೀದಿ ಲೆಡ್ಜರ್‌ನಿಂದ, ಬಿಲ್ಲುಗಳ ಫೈಲಿನಿಂದಲ್ಲ. ಕಾಗದವೇ ಇಲ್ಲದ ನಮೂದು ಫೈಲಿನಲ್ಲಿ ಎಂದೂ ಕಣ್ಣಿಗೆ ಬೀಳುವುದಿಲ್ಲ. ಆರಿಸಿದ ಬಿಲ್ ಸಿಗುತ್ತಿಲ್ಲ ಎಂದರೆ ಅದರ ಬದಲಿಗೆ ಪಕ್ಕದ್ದನ್ನು ತೆಗೆದುಕೊಳ್ಳುವುದೂ ಸಲ್ಲ. ಬೇರೆ ದಾರಿಯಲ್ಲಿ ಆ ಖರೀದಿ ಸಾಬೀತಾಗದಿದ್ದರೆ ಅದನ್ನು ತಪ್ಪೆಂದೇ ಎಣಿಸಬೇಕು.

ಬೆಂಗಳೂರಿನ ಪೀಣ್ಯದಂಥ ಕಡೆ ಲೋಹದ ಬಿಡಿಭಾಗ ತಯಾರಿಸುವ ಒಂದು ಕಾರ್ಖಾನೆಯನ್ನು ಊಹಿಸಿಕೊಳ್ಳಬಹುದು. ಮಾದರಿಯಲ್ಲಿ ಬಂದ ಬಿಲ್ಲಿನಲ್ಲಿ 10,000 ಕಿಲೋ ಉಕ್ಕಿನ ಹಾಳೆ, ಕಿಲೋಗೆ 68 ರೂಪಾಯಿ, ಜಿಎಸ್‌ಟಿ ಬಿಟ್ಟು 6,80,000 ರೂಪಾಯಿ ಎಂದಿದೆ. ಬಿಲ್ ಕಾರ್ಖಾನೆಯ ಹೆಸರಿಗೇ ಇದೆಯೇ, ದಿನಾಂಕ ಇದೇ ವರ್ಷದ್ದೇ, ಗುಣಾಕಾರ ಸರಿಯೇ ಎಂದು ನೋಡಲು ಹೆಚ್ಚು ಹೊತ್ತು ಬೇಡ. ಮುಂದೆ ಪರ್ಚೇಸ್ ಆರ್ಡರ್ ತೆಗೆಯಬೇಕು. ದರ ಅದರಲ್ಲಿಯೂ 68 ಇದೆಯೇ, ಸಹಿ ಹಾಕಿದವರಿಗೆ ಅಷ್ಟು ಮೊತ್ತಕ್ಕೆ ಅಧಿಕಾರವಿತ್ತೇ ಎಂಬುದರ ಜೊತೆಗೆ ಆರ್ಡರಿನ ದಿನಾಂಕವನ್ನೂ ಗಮನಿಸಬೇಕು. ಬಿಲ್ ಬಂದ ಮೇಲೆ ಆರ್ಡರ್ ಬರೆದಿದ್ದರೆ ಅದು ನೆಪಕ್ಕೆ ಮಾಡಿದ ಕಾಗದ.

ನಿಜವಾದ ಪರೀಕ್ಷೆ ಮಾಲು ಬಂದ ದಾರಿಯಲ್ಲಿದೆ. ಸ್ಟೋರ್ಸ್‌ನವರು ಬರೆಯುವ ಸರಕು ಸ್ವೀಕೃತಿ ಚೀಟಿಯಲ್ಲಿ, ಅಂದರೆ ಜಿಆರ್‌ಎನ್‌ನಲ್ಲಿ, 10,000 ಕಿಲೋ ಎಂದೇ ಇದೆ. ಅನೇಕರು ಇಲ್ಲಿಗೆ ಟಿಕ್ ಹಾಕಿ ಮುಂದೆ ಹೋಗುತ್ತಾರೆ. ವೇಬ್ರಿಡ್ಜ್ ಚೀಟಿ ಮಾತ್ರ ಬೇರೆ ಮಾತು ಹೇಳುತ್ತದೆ: ಲಾರಿ ತುಂಬಿ ಬಂದಾಗ 15,260 ಕಿಲೋ, ಖಾಲಿಯಾದಾಗ 5,420, ಇಳಿದದ್ದು 9,840. ಕೊರತೆ 160 ಕಿಲೋ, ಬೆಲೆಯಲ್ಲಿ 10,880 ರೂಪಾಯಿ. ಮೊತ್ತ ದೊಡ್ಡದಲ್ಲ. ಆದರೆ ಸ್ಟೋರ್ಸ್‌ನವರು ಮಾಲು ಅಳೆಯದೆ ಬಿಲ್ ನೋಡಿಕೊಂಡೇ ಜಿಆರ್‌ಎನ್ ಬರೆಯುತ್ತಿದ್ದಾರೆ ಎಂಬ ಗುಮಾನಿ ಏಳುತ್ತದೆ. ಅದು ನಿಜವಾದರೆ ಇತರ ಜಿಆರ್‌ಎನ್‌ಗಳೂ ಸ್ವತಂತ್ರ ಸಾಕ್ಷಿಯಲ್ಲ, ಬಿಲ್ಲಿನ ನಕಲು ಅಷ್ಟೇ. ಆಗ ಅದೇ ಮಾರಾಟಗಾರನ ಬೇರೆ ಲೋಡುಗಳ ತೂಕದ ಚೀಟಿಗಳನ್ನು ತೆಗೆಸಿ ನೋಡಬೇಕು, ಕೊರತೆಗೆ ಕ್ರೆಡಿಟ್ ನೋಟ್ ಬಂದಿದೆಯೇ ಎಂದು ವಿಚಾರಿಸಬೇಕು.

ಗೇಟಿನ ಸೆಕ್ಯುರಿಟಿಯವರ ರಿಜಿಸ್ಟರ್‌ಗೆ ಈ ಕೆಲಸದಲ್ಲಿ ವಿಶೇಷ ಬೆಲೆ. ಅಕೌಂಟ್ಸ್ ವಿಭಾಗದ ಹಂಗಿಲ್ಲದೆ ಬರೆದ ಆ ಲಾರಿ ನಂಬರು, ಹೊತ್ತು ಇ-ವೇ ಬಿಲ್ಲಿನ ನಂಬರಿಗೆ ತಾಳೆಯಾಗಬೇಕು. 1996ರಲ್ಲಿ ಬಯಲಾದ ಬಿಹಾರದ ಮೇವು ಹಗರಣದಲ್ಲಿ, ಸಾಗಾಣಿಕೆಯ ದಾಖಲೆಗಳಲ್ಲಿದ್ದ ಕೆಲವು ವಾಹನ ಸಂಖ್ಯೆಗಳು ಸ್ಕೂಟರಿನಂಥ ಗಾಡಿಗಳವು ಎಂದು ತಿಳಿದುಬಂತು. ನಂಬರು ಬರೆದಿದ್ದರೆ ಸಾಲದು, ಅದು ಯಾವ ಗಾಡಿಯದು ಎಂಬುದೂ ಮುಖ್ಯ.

ಜಿಎಸ್‌ಟಿಆರ್-2ಬಿ ಪಟ್ಟಿಯಲ್ಲಿ ಬಿಲ್ ಕಾಣಿಸಿದರೆ ಮಾರಾಟಗಾರ ಅದನ್ನು ಸರ್ಕಾರಕ್ಕೆ ತೋರಿಸಿದ್ದಾನೆ ಎಂದಷ್ಟೇ ಅರ್ಥ. ಬೋಗಸ್ ಬಿಲ್ ಮಾರುವವರೂ ಅಷ್ಟನ್ನು ಮಾಡಬಲ್ಲರು. ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಹಣ ಹೋದ ಖಾತೆ ಬಿಲ್ಲಿನ ಮಾರಾಟಗಾರನದ್ದೇ ಎಂದು ನೋಡುವುದು ಇನ್ನೊಂದು ಹಂತ. ಬಾಕಿ ದೊಡ್ಡದಿದ್ದರೆ ಆಡಿಟರ್ ತಾನೇ ಮಾರಾಟಗಾರನಿಗೆ ಬರೆದು, ಉತ್ತರ ನೇರವಾಗಿ ತನಗೇ ಬರುವಂತೆ ಕೇಳುತ್ತಾನೆ. ಸ್ಟೋರ್ಸ್, ಖರೀದಿ ವಿಭಾಗ, ಮಾರಾಟಗಾರ ಮೂವರೂ ಒಂದಾಗಿದ್ದರೆ ಕಾಗದಗಳೆಲ್ಲ ಸೊಗಸಾಗಿ ಹೊಂದುತ್ತವೆ, ದೃಢೀಕರಣ ಪತ್ರಕ್ಕೂ ಸುಳ್ಳು ಉತ್ತರ ಬರಬಹುದು. ಅಂಥಲ್ಲಿ ಗೋದಾಮಿನ ದಾಸ್ತಾನನ್ನು ಎದುರಿಗೇ ಎಣಿಸುವುದು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಲೆಡ್ಜರ್‌ನಿಂದ ಕಾಗದದ ಕಡೆಗೆ ಹೋಗುವ ಈ ಹುಡುಕಾಟ ಇಲ್ಲದ ಖರೀದಿಯನ್ನು ಹಿಡಿಯುತ್ತದೆ, ಬರೆಯದೆ ಬಿಟ್ಟ ಖರೀದಿಯನ್ನಲ್ಲ. ಅದಕ್ಕೆ ಎದುರು ದಿಕ್ಕಿನಲ್ಲಿ ಬರಬೇಕು: ಮಾರ್ಚ್ ಕೊನೆಯ ವಾರದ ಗೇಟ್ ರಿಜಿಸ್ಟರ್ ಹಿಡಿದು, ಒಳಗೆ ಬಂದ ಲೋಡುಗಳೆಲ್ಲ 31ನೇ ತಾರೀಖಿನೊಳಗೆ ಲೆಡ್ಜರ್ ಸೇರಿವೆಯೇ ಎಂದು ನೋಡಬೇಕು. ಮಾಲನ್ನು ದಾಸ್ತಾನಿನಲ್ಲಿ ಎಣಿಸಿ, ಬಿಲ್ಲನ್ನು ಏಪ್ರಿಲ್‌ಗೆ ತಳ್ಳಿದ್ದರೆ ಆ ವರ್ಷದ ಲಾಭ ಅಷ್ಟೂ ಉಬ್ಬಿ ಕಾಣುತ್ತದೆ.